ಕಬಡ್ಡಿ ಕ್ಯಾಂಪ್: ‘ಏನಾದರೂ ಆದರೆ ನಾವು ಜವಾಬ್ದಾರರಲ್ಲ’ ಅಂತ ಪಾಲಕರಿಂದ ಬರೆಸಿಕೊಂಡರೆ ನಡೆಯುತ್ತದಾ?

ರೈಡರ್ 7 (ನಿಗಡಿ)

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಯಲ್ಲಿ ಇಲ್ಲಿ ಪುಣೆಯಲ್ಲಿ ನಾವು ಆರು ಜನ ಸೇರಿ ಮಕ್ಕಳಿಗೆ ಹತ್ತು ದಿನದ ಕಬಡ್ಡಿ ಕ್ಯಾಂಪ್ ಮಾಡುತ್ತಿದ್ದೇವೆ. ಮೈದಾನ ಸಿಕ್ಕಿದೆ, ಮ್ಯಾಟ್ ಬಾಡಿಗೆಗೆ ಬರುತ್ತದೆ. 10ರಿಂದ 15 ವರ್ಷದ ಸುಮಾರು 40 ಮಕ್ಕಳು. ಅರ್ಧ ಮಕ್ಕಳು ಇಲ್ಲಿ ಕಂಪನಿಗಳಲ್ಲಿ ಇರುವ ನಮ್ಮಂಥವರ ಮಕ್ಕಳು. ಇನ್ನರ್ಧ ಕಟ್ಟಡ ಕೆಲಸಕ್ಕೆ ಬಂದಿರುವ ಯಾದಗಿರಿ, ಕಲಬುರಗಿ, ವಿಜಯಪುರದವರ ಮಕ್ಕಳು. ಮೊದಲಿನವರಿಗೆ 500 ರೂಪಾಯಿ ಫೀ, ಟೀ ಶರ್ಟು ಮತ್ತು ಹಾಲು-ಬಾಳೆಹಣ್ಣಿಗೆ. ಎರಡನೆಯವರಿಗೆ ಪುಕ್ಕಟೆ.

ಪಾಲಕರ ಸಹಿ ತೆಗೆದುಕೊಳ್ಳಲೇಬೇಕು ಅಂತ ಗೆಳೆಯನೊಬ್ಬ ಒಂದು ಇಂಗ್ಲಿಷ್ ಫಾರ್ಮ್ ಕೊಟ್ಟ. ಅದನ್ನು ಕನ್ನಡಕ್ಕೆ ಹೀಗೆ ಇಳಿಸಿದೆ:

“ಶಿಬಿರದ ಅವಧಿಯಲ್ಲಿ ನನ್ನ ಮಗ/ಮಗಳಿಗೆ ಯಾವುದೇ ಕಾರಣದಿಂದ ಗಾಯ, ಅಂಗವೈಕಲ್ಯ ಅಥವಾ ಮರಣ ಸಂಭವಿಸಿದಲ್ಲಿ ಆಯೋಜಕರು ಹೊಣೆಗಾರರಾಗಿರತಕ್ಕದ್ದಲ್ಲ. ಸದರಿ ವಿಷಯವಾಗಿ ಉದ್ಭವಿಸುವ ಸಕಲ ಹಾನಿ, ವೆಚ್ಚ ಹಾಗೂ ದಾವೆಗಳಿಂದ ಆಯೋಜಕರನ್ನು ನಷ್ಟಮುಕ್ತರನ್ನಾಗಿ ಇರಿಸಲು ನಾನು ಬದ್ಧನಾಗಿರುತ್ತೇನೆ.”

ಮನೆಯಲ್ಲಿ ಅವ್ವನಿಗೆ ಓದಿ ಹೇಳಿದೆ. “ಮರಣ ಅಂತ ಬರೆದು ಸಹಿ ಹಾಕು ಅಂತೀಯಲ್ಲೋ, ಆಟ ಆಡಿಸ್ತೀಯೋ ಯುದ್ಧಕ್ಕ ಕಳಿಸ್ತೀಯೋ” ಅಂದಳು. ಎರಡನೇ ವಾಕ್ಯ ಅವಳಿಗೆ ಅರ್ಥವೇ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಆಗಿಲ್ಲ. ಇದನ್ನು ಸರಳ ಮಾಡುವುದು ಹೇಗೆ? ಸರಳ ಮಾಡಿದರೆ ಕಾಯಿದೆ ಪ್ರಕಾರ ಸಪ್ಪೆ ಆಗುತ್ತದಾ?

ಸೊಸೈಟಿ ಸೆಕ್ರೆಟರಿ (ಚಿಂಚವಾಡ)

ರೈಡರ್ ಅವರೇ, ಭಾಷೆ ಬದಲಿಸಬೇಡಿ. ಆ ಗಟ್ಟಿ ಶಬ್ದಗಳೇ ನಿಮ್ಮನ್ನು ಕಾಪಾಡೋದು. ಸಾದಾ ಹಾಳೆ ಮೇಲೆ ಬರೆಸಿಕೊಂಡರೆ ಪ್ರಯೋಜನ ಇಲ್ಲ. 500 ರೂಪಾಯಿ ಸ್ಟಾಂಪ್ ಪೇಪರ್, ನೋಟರಿ, ಇಬ್ಬರು ಸಾಕ್ಷಿ. ಮಹಾರಾಷ್ಟ್ರದಲ್ಲಿ 100ರ ಪೇಪರ್ ಈಗ ನಡೆಯುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಶೇರ್ ಸರ್ಟಿಫಿಕೇಟ್ ಕಳೆದುಕೊಂಡವರಿಂದ ಇಂಡೆಮ್ನಿಟಿ ಬಾಂಡ್ ಹೀಗೇ ತೆಗೆದುಕೊಳ್ಳುತ್ತೇವೆ. ಇವತ್ತಿನವರೆಗೆ ಒಂದೂ ತಕರಾರು ಬಂದಿಲ್ಲ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಕ್ಯಾಂಪ್ ಬೆಳಿಗ್ಗೆನಾ ಸಂಜೆನಾ? ಹುಡುಗಿಯರಿಗೂ ಇದೆಯಾ? ನನ್ನ ಮಗಳು ಏಳನೇ ಕ್ಲಾಸು.

ಶಿವಾಜಿನಗರದ ಕಾಕಾ

ಸೆಕ್ರೆಟರಿ ಸಾಹೇಬರೇ, ಕಳೆದುಹೋದ ಶೇರ್ ಸರ್ಟಿಫಿಕೇಟಿಗೂ ಮುರಿದ ಕೈಗೂ ಫರಕು ಇದೆ. ನಿಮ್ಮ ಬಾಂಡಿನಲ್ಲಿ ಬರೆದುಕೊಡುವವನು ತನ್ನ ಹಕ್ಕಿನ ಬಗ್ಗೆ ಬರೆದುಕೊಡುತ್ತಾನೆ. ಇಲ್ಲಿ ಪೆಟ್ಟು ಬೀಳುವುದು ಮಗುವಿಗೆ, ಸಹಿ ಹಾಕುವುದು ಅಪ್ಪ. ಮೂವತ್ತು ವರ್ಷ ಶಿವಾಜಿನಗರ ಕೋರ್ಟಿನಲ್ಲಿ ಕರಿಕೋಟು ಹಾಕಿದವನ ಮಾತು ಅಂತ ಸ್ವಲ್ಪ ಕೇಳಿ.

ರೈಡರ್ ಬರೆದಿರುವ ಎರಡು ವಾಕ್ಯ ಎರಡು ಬೇರೆ ಬೇರೆ ಸಂಗತಿ. ಮೊದಲನೆಯದು, “ನಿಮ್ಮನ್ನು ಕೇಳುವುದಿಲ್ಲ” ಅನ್ನುವುದು. ಎರಡನೆಯದು, “ಬೇರೆ ಯಾರಾದರೂ ನಿಮ್ಮನ್ನು ಕೇಳಿದರೆ ಆ ದುಡ್ಡು ನಾನು ಕೊಡುತ್ತೇನೆ” ಅನ್ನುವುದು. ಇಂಡೆಮ್ನಿಟಿ ಅಂದರೆ ಈ ಎರಡನೆಯದು. 1872ರ ಕರಾರು ಕಾಯಿದೆಯ 124ನೇ ಕಲಮಿನಲ್ಲಿ ಇರುವುದು ಇದೇ.

ಮೊದಲು ಮೊದಲನೆಯದನ್ನು ನೋಡೋಣ. 18 ತುಂಬದ ಮಗುವಿಗೆ ಕರಾರು ಮಾಡಿಕೊಳ್ಳಲು ಬರುವುದಿಲ್ಲ. ಇದು 1903ರಲ್ಲೇ ಬ್ರಿಟಿಷರ ಕಾಲದ ಅತಿ ಮೇಲಿನ ಕೋರ್ಟು ಪ್ರಿವಿ ಕೌನ್ಸಿಲ್ ಹೇಳಿ ಮುಗಿಸಿದ ಮಾತು. ಹಾಗಾದರೆ ಮಗುವಿನ ಪರವಾಗಿ ಅಪ್ಪ “ನನ್ನ ಮಗ ಯಾವತ್ತೂ ಕೋರ್ಟಿಗೆ ಹೋಗುವುದಿಲ್ಲ” ಅಂತ ಬರೆದುಕೊಟ್ಟರೆ? ಪೆಟ್ಟು ತಿಂದ ಮಗುವಿನ ಹಕ್ಕು ಮಗುವಿನದು. ಗಡುವು ಕೂಡ ಅವನಿಗೆ ಕಾಯುತ್ತದೆ. 18 ಆದ ಮೇಲೆ ಮೂರು ವರ್ಷ, ಅಂದರೆ 21ರವರೆಗೆ ಅವನೇ ಬಂದು ಕೇಳಬಹುದು. ಇದಕ್ಕೇ ನಾನು ಹೇಳುವುದು, ಈ ಫಾರ್ಮುಗಳನ್ನು ಕ್ಯಾಂಪ್ ಮುಗಿದ ಮರುದಿನ ರದ್ದಿಗೆ ಹಾಕಬೇಡಿ.

“ಯಾವುದೇ ಕಾರಣದಿಂದ” ಅನ್ನುವ ಶಬ್ದ ನಿಮ್ಮ ತಪ್ಪನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. “ನಾನು ಬೇಜವಾಬ್ದಾರಿ ಮಾಡಿದರೂ ನೀನು ಕೇಳಬಾರದು” ಅನ್ನುವ ಕರಾರು ಸಾರ್ವಜನಿಕ ಹಿತಕ್ಕೆ ವಿರೋಧ ಅಂತ 23ನೇ ಕಲಮಿನ ಕೆಳಗೆ ಬಿದ್ದುಹೋಗುವ ಸಾಧ್ಯತೆಯೇ ಜಾಸ್ತಿ. ಸ್ಟಾಂಪು ಹಚ್ಚಿದ ಮಾತ್ರಕ್ಕೆ ಬಿದ್ದದ್ದು ಎದ್ದು ನಿಲ್ಲುವುದಿಲ್ಲ.

ಸೊಸೈಟಿ ಸೆಕ್ರೆಟರಿ (ಚಿಂಚವಾಡ)

ಕಾಕಾ, ಅರ್ಧ ಮಕ್ಕಳಿಗೆ ಪುಕ್ಕಟೆ ಅಂತ ರೈಡರ್ ಹೇಳಿದ್ದಾರೆ. ದುಡ್ಡೇ ತೆಗೆದುಕೊಳ್ಳದ ಮೇಲೆ ಜವಾಬ್ದಾರಿ ಎಲ್ಲಿಂದ ಬಂತು? ಸೇವೆ ಮಾಡಲು ಹೋದವರಿಗೇ ಶಿಕ್ಷೆ ಅಂದ್ರೆ ಯಾರು ಕ್ಯಾಂಪ್ ಮಾಡ್ತಾರೆ? ಮತ್ತೆ ಆ ಎರಡನೇ ವಾಕ್ಯಕ್ಕೆ ಸಹಿ ಹಾಕುವವನು ವಯಸ್ಕ ಅಲ್ವಾ? ಅದು ಯಾಕೆ ನಡೆಯುವುದಿಲ್ಲ?

ಶಿವಾಜಿನಗರದ ಕಾಕಾ

ಪುಕ್ಕಟೆಯ ಮಾತು ಅರ್ಧ ಸರಿ. ಯಾರಿಂದಲೂ ದುಡ್ಡು ಪಡೆಯದ ಸೇವೆಗೆ ಗ್ರಾಹಕ ಆಯೋಗಕ್ಕೆ ಹೋಗಲು ಬರುವುದಿಲ್ಲ. ಆದರೆ ಸಿವಿಲ್ ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ಬೇರೆಯವರ ಮಗುವನ್ನು ನಿಮ್ಮ ಕೈಗೆ ತೆಗೆದುಕೊಂಡ ಮೇಲೆ ಎಚ್ಚರ ವಹಿಸಲೇಬೇಕು. ಟೀ ಶರ್ಟಿನ 500 ರೂಪಾಯಿ ಸೇವೆಯ ಬೆಲೆ ಆಗುತ್ತದಾ ಇಲ್ಲವಾ ಅನ್ನುವುದಕ್ಕೆ ಇಬ್ಬರು ವಕೀಲರನ್ನು ಕೇಳಿ, ಮೂರು ಉತ್ತರ ಸಿಗುತ್ತದೆ.

1995ರಲ್ಲಿ ಪಂಜಾಬಿನಲ್ಲಿ ಒಂದು ಶಾಲೆಯವರು ಮಕ್ಕಳನ್ನು ಬಿಯಾಸ್ ನದಿ ದಂಡೆಗೆ ಪಿಕ್‌ನಿಕ್ ಕರೆದುಕೊಂಡು ಹೋಗಿದ್ದರು. 14 ಮಕ್ಕಳು ಮುಳುಗಿ ಸತ್ತರು. ಕರೆದುಕೊಂಡು ಹೋದ ಶಿಕ್ಷಕರು ಎಚ್ಚರ ತಪ್ಪಿದ್ದಕ್ಕೆ ಶಾಲೆಯೇ ಹೊಣೆ ಅಂತಾಯಿತು. ಒಂದೊಂದು ಮಗುವಿಗೆ 5 ಲಕ್ಷ ಪರಿಹಾರ ಕೊಡಬೇಕು ಅನ್ನುವುದನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇಂಥ ಕೇಸಿನಲ್ಲಿ ನ್ಯಾಯಾಧೀಶರು ಮೊದಲು ನೋಡುವುದು ಮಕ್ಕಳನ್ನು ಯಾರು, ಹೇಗೆ ನೋಡಿಕೊಂಡರು ಅನ್ನುವುದನ್ನು.

ಈಗ ಎರಡನೇ ವಾಕ್ಯ. ಒಂದು ಉದಾಹರಣೆ ಹಾಕಿ ನೋಡಿ. ಎರಡು ಮ್ಯಾಟುಗಳ ನಡುವಿನ ಜೋಡಣೆ ಬಿಟ್ಟಿದೆ. ಕೋಚಿಗೆ ಅದು ನಿನ್ನೆಯಿಂದ ಗೊತ್ತು. 12 ವರ್ಷದ ಹುಡುಗ ರೈಡ್ ಮಾಡುವಾಗ ಕಾಲ್ಬೆರಳು ಸಿಕ್ಕಿ ಬೀಳುತ್ತಾನೆ, ಮೊಣಕೈ ಮುರಿಯುತ್ತದೆ. ಕ್ಯಾಂಪಿನವರು ಹುಡುಗನಿಗೆ 2 ಲಕ್ಷ ಕೊಡಲಿ ಅಂತ ಕೋರ್ಟು ಹೇಳಿತು ಅಂದುಕೊಳ್ಳಿ. ಅಪ್ಪ ಸಹಿ ಹಾಕಿದ ಆ ಎರಡನೇ ವಾಕ್ಯದ ಪ್ರಕಾರ ಅದೇ 2 ಲಕ್ಷವನ್ನು ಅಪ್ಪ ಕ್ಯಾಂಪಿನವರಿಗೆ ತುಂಬಿಕೊಡಬೇಕು. ಮಗನ ಮೊಣಕೈ ದುಡ್ಡು ಅಪ್ಪನ ಜೇಬಿನಿಂದಲೇ ಬಂದಂತಾಯಿತು. ಇದನ್ನು ಸೆಂಟ್ರಿಂಗ್ ಕೆಲಸದವನಿಗೆ ಅವನ ಭಾಷೆಯಲ್ಲಿ ಬಿಡಿಸಿ ಹೇಳಿ, ಆಮೇಲೆ ಸಹಿ ಕೇಳಿ. ಹಾಕುತ್ತಾನಾ?

ಸಹಿ ಹಾಕಿದವನು ವಯಸ್ಕ ಅನ್ನುವ ನಿಮ್ಮ ಮಾತಿನಲ್ಲಿ ಬಲ ಇದೆ ಅಂತ ವಾದಿಸುವ ವಕೀಲರು ಇದ್ದಾರೆ. ನಾನು ಆ ಪಂಗಡದವನಲ್ಲ.

ವಾಕಡ್ ಅಕ್ಕ

ಕಾಕಾ ಹೇಳಿದ್ದು ಕೇಳಿ ಸಿಟ್ಟೂ ಬಂತು, ಅಳುವೂ ಬಂತು. ನಮ್ಮದೇ ಕಥೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಮಗ ಒಂದು ಕ್ಯಾಂಪಿಗೆ ಹೋಗುತ್ತಿದ್ದ. ಹೆಸರು ಬೇಡ. ಆಗ ಅವನಿಗೆ 12. ಆರನೇ ದಿನ ಇನ್ನೊಬ್ಬ ಹುಡುಗನ ಪಾದ ಹಿಡಿಯಲು ಬಗ್ಗಿದ್ದಾನೆ, ಆ ಹುಡುಗನ ಮೊಣಕಾಲು ಇವನ ಕಿವಿ ಹಿಂದೆ ಬಡಿದಿದೆ. ಮುಖಕ್ಕೆ ನೀರು ಹಾಕಿ, ಹತ್ತು ನಿಮಿಷ ಕೂರಿಸಿ, ಮತ್ತೆ ಆಡಲು ಬಿಟ್ಟಿದ್ದಾರೆ. ನಮಗೆ ಯಾರೂ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಚಪಾತಿ ತಿನ್ನುತ್ತಾ “ಮಮ್ಮಿ, ಇವತ್ತು ಯಾವ ವಾರ?” ಅಂದ. ಗುರುವಾರ ಅಂದೆ. ಎರಡು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮೂರನೇ ಸಲ ಕೇಳಿದಾಗ ಕೈ ತಣ್ಣಗಾಯಿತು. ರಾತ್ರಿ ಎರಡು ಸಲ ವಾಂತಿ. ಆಸ್ಪತ್ರೆಗೆ ಓಡಿದೆವು. ಸಿಟಿ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ, ದೇವರ ದಯೆ. ಆದರೆ ಮೂರು ವಾರ ತಲೆನೋವು, ಪುಸ್ತಕ ಹಿಡಿದರೆ ಕಣ್ಣು ಮಂಜು.

ಕ್ಯಾಂಪಿನವರನ್ನು ಕೇಳಲು ಹೋದರೆ ಫಾರ್ಮ್ ತೆಗೆದು ಮೇಜಿನ ಮೇಲೆ ಇಟ್ಟರು. “ಮೇಡಂ, ನೀವೇ ಸಹಿ ಹಾಕಿದ್ದೀರಿ.” ಸುಮ್ನೆ ವಾಪಸ್ ಬಂದೆ. ಎರಡು ವರ್ಷದಿಂದ ತಪ್ಪು ನನ್ನದೇ ಅಂದುಕೊಂಡಿದ್ದೇನೆ. ಆ ಫಾರ್ಮಿನಲ್ಲಿ ಆಧಾರ್ ನಂಬರ್ ಕೇಳಿದ್ದರು, ಬ್ಲಡ್ ಗ್ರೂಪ್ ಕೇಳಿದ್ದರು. ಫೋನ್ ನಂಬರಿಗೆ ಮಾತ್ರ ಒಂದೇ ಜಾಗ. ಅಲ್ಲಿ ನಮ್ಮವರ ನಂಬರ್ ಇತ್ತು, ಅವರು ಮೀಟಿಂಗಿನಲ್ಲಿ ಸೈಲೆಂಟ್ ಇಟ್ಟಿದ್ದರು. ಫೋನ್ ಮಾಡಿದ್ದರೂ ಎತ್ತುತ್ತಿರಲಿಲ್ಲ ಅನ್ನಿ.

ಶಿವಾಜಿನಗರದ ಕಾಕಾ

ತಂಗಿ, ತಪ್ಪು ನಿನ್ನದಲ್ಲ. ನೀನು ಒಪ್ಪಿದ್ದು ಆಟಕ್ಕೆ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಮತ್ತೆ ಆಡಲು ಬಿಡಿ ಅಂತ ಒಪ್ಪಿರಲಿಲ್ಲವಲ್ಲ.

ಸೆಕ್ರೆಟರಿ ಸಾಹೇಬರೇ, ನೋಡಿ. ಆ ಗಟ್ಟಿ ಶಬ್ದ ಕೋರ್ಟಿನಲ್ಲಿ ನಿಲ್ಲದಿದ್ದರೂ ಆ ತಾಯಿಯ ಬಾಯಿ ಮುಚ್ಚಿಸಲು ಸಾಕಾಯಿತು. ಬಹಳ ಜನ ಇದನ್ನು ಬರೆಸಿಕೊಳ್ಳುವುದೂ ಅದಕ್ಕೇ ಅಂತ ನನ್ನ ಅನುಮಾನ.

ಪಟ್ಟಿ ಡಾಕ್ಟರ್ (ಫಿಸಿಯೋ, ಮುಲುಂಡ್)

ಮಕ್ಕಳ ಕಬಡ್ಡಿ ಟೀಮುಗಳ ಜೊತೆ ಬೆಂಚಿನಲ್ಲಿ ಕೂತು ಅಭ್ಯಾಸ ಇರುವವನು ನಾನು. ವಾಕಡ್ ಅಕ್ಕ ಹೇಳಿದಂಥ ಪೆಟ್ಟನ್ನು ನಾನೂ ನೋಡಿದ್ದೇನೆ. ಪಾದ ಹಿಡಿಯಲು ಬಗ್ಗುವಾಗ ತಲೆ ತಗ್ಗಿಸಿ ನೆಲ ನೋಡುವ ಮಕ್ಕಳಿಗೆ ಮೊಣಕಾಲು ತಲೆಗೆ ಬಡಿಯುತ್ತದೆ.

ನಿಯಮ ಒಂದೇ. ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ತಲೆನೋವು ಅಂದರೆ, ತೂರಾಡಿದರೆ, ಕೇಳಿದ್ದನ್ನೇ ಕೇಳಿದರೆ ಆ ದಿನ ಆಟ ಮುಗಿಯಿತು. ಹತ್ತು ನಿಮಿಷ ಕೂರಿಸಿ ನೋಡುವುದು ಇಲ್ಲ. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ, ಬಹಳ ಮಕ್ಕಳಿಗೆ ತಪ್ಪುವುದೂ ಇಲ್ಲ. ಅನುಮಾನ ಬಂದರೂ ಸಾಕು, ಹೊರಗೆ ಕೂರಿಸಬೇಕು. ಮತ್ತೆ ಮೈಗೆ ಮೈ ತಾಗುವ ಆಟಕ್ಕೆ ಡಾಕ್ಟರ್ ಹೇಳಿದ ಮೇಲೆಯೇ. ಹತ್ತು ದಿನದ ಕ್ಯಾಂಪಿನಲ್ಲಿ ಇದರ ಅರ್ಥ ಆ ಮಗುವಿನ ಕ್ಯಾಂಪ್ ಹೆಚ್ಚುಕಡಿಮೆ ಮುಗಿದಂತೆ. ಇದನ್ನು ಫಾರ್ಮಿನಲ್ಲಿ ಮೊದಲೇ ಬರೆಯಿರಿ. ಇಲ್ಲದಿದ್ದರೆ ಮೂರನೇ ದಿನ ಅಪ್ಪನೇ ಬಂದು “ಆರಾಮ ಇದ್ದಾನ್ರೀ, ಫೈನಲ್ ಆಡಿಸ್ರಿ” ಅಂತ ಜಗಳ ತೆಗೆಯುತ್ತಾನೆ. ನೋಡಿದ್ದೇನೆ.

ಮತ್ತೆ ಮತ್ತೆ ವಾಂತಿ, ಜೋರಾಗುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲು ಜೋಮು, ಕುತ್ತಿಗೆ ನೋವು, ಒಂದು ಎರಡಾಗಿ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. 108ಕ್ಕೆ ಫೋನ್. ಕುತ್ತಿಗೆ ನೋವು ಅಂದರೆ ಮಗುವನ್ನು ಎತ್ತಿ ಕೂರಿಸಲೂಬಾರದು.

ಬ್ಲಡ್ ಗ್ರೂಪ್ ಕಾಲಂ ತೆಗೆದರೂ ನಡೆಯುತ್ತದೆ. ಫಾರ್ಮಿನಲ್ಲಿ ಏನೇ ಬರೆದಿರಲಿ, ರಕ್ತ ಏರಿಸುವ ಮೊದಲು ಆಸ್ಪತ್ರೆಯವರು ತಾವೇ ಪರೀಕ್ಷೆ ಮಾಡುತ್ತಾರೆ. ಆ ಜಾಗದಲ್ಲಿ ಕೇಳಬೇಕಾದದ್ದು ಬೇರೆ: ದಮ್ಮು ಇದೆಯಾ, ಪಂಪ್ ತರುತ್ತಾನಾ, ಫಿಟ್ಸ್ ಬಂದಿತ್ತಾ, ಹೃದಯದ ತೊಂದರೆ ಇದೆಯಾ, ಗಾಯವಾದರೆ ರಕ್ತ ನಿಲ್ಲುವುದು ತಡವಾಗುತ್ತದಾ, ಯಾವ ಔಷಧ ಆಗಿಬರುವುದಿಲ್ಲ, ಹಿಂದೆ ತಲೆಗೆ ಪೆಟ್ಟು ಬಿದ್ದಿತ್ತಾ, ಇತ್ತೀಚೆಗೆ ಡೆಂಗಿ ಆಗಿತ್ತಾ. ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆ-ಮುಂಬೈಯಲ್ಲಿ ಈ ಕೊನೆಯದು ಮರೆಯಬಾರದ ಪ್ರಶ್ನೆ.

ವಾಸ್ಕೋ ಹುಡುಗ

ಗೋವಾದಲ್ಲಿ ನಮ್ಮ ಫುಟ್‌ಬಾಲ್ ಕೋಚ್ ವಾಟ್ಸಾಪಿನಲ್ಲಿ “ಓಕೆ” ಅಂತ ಹಾಕಿಸಿಕೊಳ್ಳುತ್ತಾರೆ, ಅಷ್ಟೇ. ಇಷ್ಟೆಲ್ಲ ಬೇಕಾ? ಆಟ ಅಂದ್ಮೇಲೆ ಪೆಟ್ಟು ಬೀಳೋದೇ.

ರೈಡರ್ 7 (ನಿಗಡಿ)

ವಾಸ್ಕೋ, ನೀನು ಹೇಳಿದ ಕೊನೆಯ ಮಾತನ್ನೇ ಮೊದಲ ಸಾಲು ಮಾಡಿಕೊಂಡೆ ನೋಡು. ನಿನ್ನೆ ರಾತ್ರಿ ಕೂತು ಹೊಸದಾಗಿ ಬರೆದೆ. ಹಳೆಯದರ ಅನುವಾದ ಅಲ್ಲ, ಅವ್ವನಿಗೆ ಹೇಳುವ ಹಾಗೆ:

“ಕಬಡ್ಡಿ ಮೈಗೆ ಮೈ ತಾಗುವ ಆಟ. ಸರಿಯಾಗಿ ಆಡಿದರೂ ಪೆಟ್ಟಾಗಬಹುದು. ಬೆರಳು ಉಳುಕುವುದು, ಪಾದ ಉಳುಕುವುದು, ತರಚುವುದು ಆಗಾಗ ಆಗುತ್ತದೆ. ಮೊಣಕಾಲು ತಿರುಚುವುದು, ಮೂಳೆ ಮುರಿಯುವುದು, ತಲೆಗೆ ಪೆಟ್ಟು ಬೀಳುವುದು ಅಪರೂಪ, ಆದರೆ ಆಗುತ್ತದೆ. ಜೀವಕ್ಕೆ ಅಪಾಯ ತೀರಾ ಅಪರೂಪ. ಇದನ್ನು ನಮಗೆ ಓದಿ ಹೇಳಿದ್ದಾರೆ. ತಿಳಿದು ಮಗುವನ್ನು ಕಳಿಸುತ್ತಿದ್ದೇವೆ. ಬೇಡ ಅನಿಸಿದ ದಿನ ಬಿಡಿಸಬಹುದು.

ಕ್ಯಾಂಪಿನವರು ದಿನಾ ಆಟಕ್ಕೆ ಮೊದಲು ಮ್ಯಾಟ್ ನೋಡುತ್ತಾರೆ. ವಯಸ್ಸು, ತೂಕ ಹೊಂದುವ ಮಕ್ಕಳನ್ನೇ ಎದುರು ಬಿಡುತ್ತಾರೆ. ಮೊದಲ ನಾಲ್ಕು ದಿನ ಬೀಳುವುದನ್ನು, ಹಿಡಿಯುವುದನ್ನು ಕಲಿಸುತ್ತಾರೆ, ಮೈಯಿಂದ ಗುದ್ದಿ ಹೊರಗೆ ತಳ್ಳುವ ಡ್ಯಾಶ್ ಇರುವುದಿಲ್ಲ. ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಆಟ ಮುಗಿಯುವವರೆಗೆ ಮೈದಾನದಲ್ಲೇ ಇರುತ್ತಾರೆ. ತಲೆಗೆ ಪೆಟ್ಟು ಬಿದ್ದರೆ ಆ ದಿನ ಮತ್ತೆ ಆಡಿಸುವುದಿಲ್ಲ, ಡಾಕ್ಟರ್ ಹೇಳುವವರೆಗೂ ಆಡಿಸುವುದಿಲ್ಲ. ಪೆಟ್ಟು ಸಣ್ಣದಿರಲಿ ದೊಡ್ಡದಿರಲಿ, ಅದೇ ದಿನ ಮನೆಯವರಿಗೆ ಹೇಳುತ್ತಾರೆ.

ನಾವು ಮಗುವಿನ ಕಾಯಿಲೆ, ಔಷಧ ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಉಗುರು ಕತ್ತರಿಸಿ ಕಳಿಸುತ್ತೇವೆ. ಕಡಗ, ಕಿವಿಯೋಲೆ, ಸರ, ಉಡಿದಾರ ಹಾಕಿ ಕಳಿಸುವುದಿಲ್ಲ.

ಆಟದಲ್ಲಿ ಸಹಜವಾಗಿ ಆಗುವ ಪೆಟ್ಟಿಗೆ ಕ್ಯಾಂಪಿನವರನ್ನು ದೂರುವುದಿಲ್ಲ. ಅವರು ಮಾಡುತ್ತೇವೆ ಅಂದದ್ದನ್ನು ಮಾಡದೆ ಪೆಟ್ಟಾದರೆ ಕೇಳುವ ಹಕ್ಕು ನಮಗೂ ಮಗುವಿಗೂ ಇದೆ.

ಕಾಯಿಲೆ ಮುಚ್ಚಿಟ್ಟು ಅದರಿಂದ ಕ್ಯಾಂಪಿನವರಿಗೆ ಖರ್ಚು ಬಂದರೆ ಅದನ್ನು ನಾವು ತುಂಬಿಕೊಡುತ್ತೇವೆ.

ಅಗತ್ಯ ಬಿದ್ದರೆ ಯಾವುದೇ ಚಿಕಿತ್ಸೆ ಕೊಡಿಸಲು ಒಪ್ಪಿದ್ದೇವೆ.”

ಫೋನ್ ನಂಬರಿಗೆ ಮೂರು ಜಾಗ ಇಟ್ಟಿದ್ದೇನೆ ಅಕ್ಕ, ನಿಮಗೋಸ್ಕರ. ಬೈಯುವುದಿದ್ದರೆ ಬೈಯಿರಿ.

ಶಿವಾಜಿನಗರದ ಕಾಕಾ

ಬೈಯುವಂಥದ್ದೇನಿಲ್ಲ. “ಸಹಜವಾಗಿ ಆಗುವ ಪೆಟ್ಟು” ಅನ್ನುವ ಸಾಲು ನಿಲ್ಲುತ್ತದೆ. ನಾಳೆ ಒಬ್ಬ ತಂದೆ “ಕಬಡ್ಡಿಯಲ್ಲಿ ಕೈ ಮುರಿಯುತ್ತದೆ ಅಂತ ನನಗೆ ಯಾರೂ ಹೇಳಲಿಲ್ಲ” ಅಂದರೆ ಈ ಹಾಳೆ ನಿಮ್ಮ ಕೈ ಹಿಡಿಯುತ್ತದೆ. ಒಂದು ಎಚ್ಚರಿಕೆ. ನೀವು ಬರೆದುಕೊಟ್ಟ ಮಾತು ನಿಮಗೂ ಕಟ್ಟು. ಮೊದಲ ನಾಲ್ಕು ದಿನ ಡ್ಯಾಶ್ ಇಲ್ಲ ಅಂತ ಬರೆದು ಎರಡನೇ ದಿನ ಆಡಿಸಿದರೆ ಇದೇ ಹಾಳೆ ನಿಮ್ಮ ವಿರುದ್ಧದ ಪುರಾವೆ. ಮಾಡಲಾಗದ್ದನ್ನು ಬರೆಯಬೇಡಿ.

ಕೊನೆಯ ಸಾಲು ತೀರಾ ಅಗಲ ಆಯಿತು. “ಯಾವುದೇ ಚಿಕಿತ್ಸೆ” ಅಂತ ಮೊದಲೇ ಕೊಟ್ಟ ಒಪ್ಪಿಗೆಯನ್ನು ಆಸ್ಪತ್ರೆಯವರು ನಂಬುವುದಿಲ್ಲ, ನಂಬಲೂಬಾರದು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಒಂದು ಆಪರೇಷನ್ ಕೇಸಿನಲ್ಲಿ ಹೇಳಿದೆ. ಜೀವ ಹೋಗುವ ಹೊತ್ತಿನಲ್ಲಿ ನಿಮ್ಮ ಫಾರ್ಮ್ ಬೇಕಾಗುವುದೂ ಇಲ್ಲ. ಹಳೆಯ ದಂಡ ಸಂಹಿತೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಮಗುವಿಗೆ ಅಪಘಾತ ಆಗಿದೆ, ಕೂಡಲೇ ಆಪರೇಷನ್ ಮಾಡದಿದ್ದರೆ ಉಳಿಯುವುದಿಲ್ಲ, ಪಾಲಕರನ್ನು ಕೇಳಲು ಸಮಯ ಇಲ್ಲ, ಮಗು ಬೇಡ ಅಂತ ಅಳುತ್ತಿದೆ. ವೈದ್ಯ ಒಳ್ಳೆಯ ಮನಸ್ಸಿನಿಂದ ಆಪರೇಷನ್ ಮಾಡಿದರೆ ಅದು ಅಪರಾಧ ಅಲ್ಲ. ಈಗಿನ ನ್ಯಾಯ ಸಂಹಿತೆಯಲ್ಲಿ 30ನೇ ಕಲಮು.

ಆದ್ದರಿಂದ ಹೀಗೆ ಬರೆಯಿರಿ: “ಪ್ರಥಮ ಚಿಕಿತ್ಸೆ ಮಾಡಲು, ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಜೀವ ಉಳಿಸಲು ಕೂಡಲೇ ಬೇಕಾದದ್ದನ್ನು ಮಾಡಿಸಲು ಒಪ್ಪಿದ್ದೇವೆ. ಮೂರೂ ನಂಬರಿಗೆ ಫೋನ್ ಮಾಡುತ್ತಿರಬೇಕು. ಕಾಯಬಹುದಾದ ಆಪರೇಷನ್ ಇದ್ದರೆ ನಾವು ಬಂದು ತೀರ್ಮಾನಿಸುತ್ತೇವೆ.”

ಪಟ್ಟಿ ಡಾಕ್ಟರ್ (ಫಿಸಿಯೋ, ಮುಲುಂಡ್)

ಕಾಯಿಲೆ ಮುಚ್ಚಿಟ್ಟರೆ ಖರ್ಚು ತುಂಬಿಕೊಡಬೇಕು ಅನ್ನುವ ಸಾಲಿಗೆ ನನ್ನ ವಿರೋಧ ಇದೆ. ಜನ ಯಾಕೆ ಮುಚ್ಚಿಡುತ್ತಾರೆ? ಫಿಟ್ಸ್ ಅಂತ ಬರೆದರೆ ಹುಡುಗನನ್ನು ವಾಪಸ್ ಕಳಿಸುತ್ತಾರೆ ಅಂತ. ಹುಡುಗಿ ಆದರೆ ನಾಳೆ ಮದುವೆಗೆ ತೊಂದರೆ ಅಂತ. ದಂಡದ ಮಾತು ಹಾಕಿದರೆ ಇನ್ನೂ ಹೆದರುತ್ತಾರೆ. ಅದರ ಬದಲು ಹೀಗೆ ಬರೆಯಿರಿ: “ಕಾಯಿಲೆ ಇದೆ ಅಂದ ಮಾತ್ರಕ್ಕೆ ಮಗುವನ್ನು ಬಿಡುವುದಿಲ್ಲ. ಡಾಕ್ಟರನ್ನು ಕೇಳಿ ಏನು ಆಡಬಹುದು ನೋಡುತ್ತೇವೆ. ಈ ಹಾಳೆಯನ್ನು ಕೋಚ್ ಮತ್ತು ಪ್ರಥಮ ಚಿಕಿತ್ಸೆಯವರು ಬಿಟ್ಟು ಯಾರೂ ನೋಡುವುದಿಲ್ಲ.”

ಸೊಸೈಟಿ ಸೆಕ್ರೆಟರಿ (ಚಿಂಚವಾಡ)

ಅಂದರೆ ಪಾಲಕರ ಮೇಲೆ ಏನೂ ಇಲ್ಲ, ಎಲ್ಲಾ ಕ್ಯಾಂಪಿನವರ ಮೇಲೆ! ಸುಳ್ಳು ಹೇಳಿ ಸೇರಿಸಿದವನಿಗೆ ಒಂದು ಕಡಿವಾಣ ಬೇಡವಾ? ಆ ಒಂದು ಸಾಲನ್ನಾದರೂ ಬಿಡಿ.

ಶಿವಾಜಿನಗರದ ಕಾಕಾ

ಇದರಲ್ಲಿ ನಾನು ಸೆಕ್ರೆಟರಿ ಕಡೆ. ಬೇಕಂತ ಮುಚ್ಚಿಟ್ಟದ್ದಕ್ಕೆ ಮಾತ್ರ ಅಂತ ಸೀಮಿತವಾಗಿರುವ ಇಂಡೆಮ್ನಿಟಿ ಅನ್ಯಾಯ ಅಲ್ಲ. ಆದರೆ ಡಾಕ್ಟರ್ ಹೇಳಿದ ಎರಡು ಸಾಲನ್ನು ಅದಕ್ಕಿಂತ ಮೇಲೆ ಹಾಕಿ.

ಪಟ್ಟಿ ಡಾಕ್ಟರ್ (ಫಿಸಿಯೋ, ಮುಲುಂಡ್)

ನನಗೆ ಇನ್ನೂ ಒಪ್ಪಿಗೆ ಇಲ್ಲ. ಆದರೆ ಕ್ಯಾಂಪ್ ನಿಮ್ಮದು.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಹುಡುಗಿಯರ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ. ಗಂಡಸು ಕೋಚ್ ಆದರೆ ಹಿಡಿಯುವುದು ಗಿಡಿಯುವುದು ಹೇಗೆ ಕಲಿಸುತ್ತಾರೆ? ನನ್ನ ಹೆಂಡತಿ ಕೇಳುತ್ತಿದ್ದಾಳೆ.

ವಾಕಡ್ ಅಕ್ಕ

ಅಣ್ಣ, ನಿಮ್ಮ ಮನೆಯವರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಫಾರ್ಮಿನಲ್ಲಿ ಅದು ಇಲ್ಲವೇ ಇಲ್ಲ! ತೊಡೆ ಹಿಡಿಯುವುದು, ಸೊಂಟ ಹಿಡಿಯುವುದು ಈ ಆಟದಲ್ಲೇ ಇದೆ. ಕೋಚ್ ತೋರಿಸುವಾಗ ಮಗುವಿನ ಮೈ ಮುಟ್ಟುತ್ತಾರೆ. ಅದನ್ನು ಮೊದಲೇ ಹೇಳಬೇಕಲ್ವಾ?

ರೈಡರ್ 7 (ನಿಗಡಿ)

ಹುಡುಗಿಯರಿಗೂ ಇದೆ, ಬೆಳಿಗ್ಗೆ 7ರಿಂದ 9. ತಡವಾಗಿ ಉತ್ತರಿಸಿದ್ದಕ್ಕೆ ಕ್ಷಮಿಸಿ. ಹುಡುಗಿಯರ ಬ್ಯಾಚಿಗೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಡಿದ ಇಬ್ಬರು ಹೆಣ್ಣುಮಕ್ಕಳು ಕೋಚ್ ಇದ್ದಾರೆ. ಸಾಲು ಹೀಗೆ ಸೇರಿಸುತ್ತೇನೆ: “ಹಿಡಿತ ಕಲಿಸುವಾಗ ಕೋಚ್ ಮಗುವನ್ನು ಮುಟ್ಟಬೇಕಾಗುತ್ತದೆ. ಮುಟ್ಟುವ ಮೊದಲು ಹೇಳುತ್ತಾರೆ, ಎಲ್ಲರ ಎದುರಿಗೇ ತೋರಿಸುತ್ತಾರೆ. ಬೇಡ ಅಂದರೆ ಬೇಡ. ಹುಡುಗಿಯರಿಗೆ ಹೆಣ್ಣುಮಕ್ಕಳೇ ಕಲಿಸುತ್ತಾರೆ.” ಇದರ ಕೆಳಗೆ ಮಗುವಿನ ಸಹಿಗೂ ಒಂದು ಜಾಗ, ಕಾಯಿದೆಗೆ ಬೇಡವಾದರೂ. “ನೋವಾದರೆ, ಹೆದರಿಕೆಯಾದರೆ, ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಹೇಳುತ್ತೇನೆ” ಅಂತ ಅವರ ಕೈಯಲ್ಲೇ ಬರೆಸುತ್ತೇನೆ. ಫೋಟೋ ಹಾಕಿಕೊಳ್ಳಬಹುದಾ ಅನ್ನುವುದಕ್ಕೆ ಬೇರೆ ಹೌದು/ಇಲ್ಲ. ಇಲ್ಲ ಅಂದರೂ ಮಗು ಕ್ಯಾಂಪಿನಲ್ಲಿ ಇರುತ್ತದೆ.

ಇನ್ನೊಂದು ತೊಡಕು ಇದೆ. ಏಳು ಹುಡುಗರು ಇಲ್ಲಿ ಚಿಕ್ಕಪ್ಪನ ಮನೆಯಲ್ಲೋ ಸೋದರಮಾವನ ಹತ್ತಿರವೋ ಇದ್ದಾರೆ, ಅಪ್ಪ-ಅವ್ವ ಊರಲ್ಲಿ. ಸಹಿ ಯಾರದು?

ಶಿವಾಜಿನಗರದ ಕಾಕಾ

ಸೋದರಮಾವ ಅನ್ನ ಹಾಕಬಹುದು, ಕಾಯಿದೆ ಪ್ರಕಾರ ಪಾಲಕ ಅಲ್ಲ. ಊರಲ್ಲಿರುವ ಅಪ್ಪ ಅಥವಾ ಅವ್ವನಿಗೆ ವೀಡಿಯೋ ಕಾಲ್ ಮಾಡಿ, ಪೂರ್ತಿ ಓದಿ ಹೇಳಿ, ಅವರು ಸಹಿ ಹಾಕಿದ ಹಾಳೆಯ ಫೋಟೋ ತರಿಸಿಕೊಳ್ಳಿ. ಇಲ್ಲಿ ಮಾವ ಬೇರೆ ಹಾಳೆಯಲ್ಲಿ, ದಿನಾ ಕರೆತರುವವನು ಮತ್ತು ಫೋನ್ ಎತ್ತುವವನು ನಾನು ಅಂತ ಸಹಿ ಹಾಕಲಿ. ಓದಲು ಬಾರದವರ ಹೆಬ್ಬೆಟ್ಟಿನ ಪಕ್ಕದಲ್ಲಿ ಯಾರು, ಯಾವ ಭಾಷೆಯಲ್ಲಿ ಓದಿ ಹೇಳಿದರು ಅಂತ ಬರೆದು, ಓದಿದವನೂ ಸಹಿ ಹಾಕಬೇಕು. ಓದಿದ ಮೇಲೆ “ತಿಳೀತಾ?” ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. “ತಲೆಗೆ ಪೆಟ್ಟು ಬಿದ್ದರೆ ನಾವು ಏನು ಮಾಡ್ತೀವಿ, ನೀವೇ ಹೇಳಿ” ಅನ್ನಿ.

ರೈಡರ್ 7 (ನಿಗಡಿ)

ಕಾಕಾ ಹೇಳಿದ ಹಾಗೇ ಮಾಡಿದೆ. ನಿನ್ನೆ ಸಂಜೆ ಮೋಶಿ ಹತ್ತಿರ ಒಂದು ಸೈಟಿನ ಶೆಡ್ಡುಗಳಿಗೆ ಹೋಗಿದ್ದೆ. ಒಲೆ ಹೊಗೆ, ಅದರ ನಡುವೆ ನನ್ನ ಮೊಬೈಲ್ ಟಾರ್ಚು. ಹನ್ನೊಂದು ಮನೆಯವರಿಗೆ ಓದಿದೆ. ತಲೆಯ ಪ್ರಶ್ನೆಗೆ ಎಲ್ಲರೂ ಸರಿಯಾಗಿ ಹೇಳಿದರು. “ಸಹಜವಾಗಿ” ಅನ್ನುವ ಶಬ್ದಕ್ಕೆ ಮೂವರು ಮುಖ ನೋಡಿದರು. ಅದನ್ನು “ಆಡೋವಾಗ ತಾನೇ ಆಗೋ ಪೆಟ್ಟು” ಅಂತ ತಿದ್ದಿದ್ದೇನೆ.

ಯಾದಗಿರಿ ಕಡೆಯ ಒಬ್ಬ ತಾಯಿ ರೊಟ್ಟಿ ತಟ್ಟುತ್ತಲೇ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಎಲ್ಲಾ ಛಲೋ ಬರದೀರಿ ಯಪ್ಪಾ. ಕಾಲು ಮುರದ್ರ ದವಾಖಾನಿ ರೊಕ್ಕ ಯಾರು ಕೊಡ್ತೀರಿ, ಅದು ಎಲ್ಲೈತಿ?” ಅಂದಳು.

ಎಲ್ಲೂ ಇರಲಿಲ್ಲ. ಇಷ್ಟು ಜನ ಇಷ್ಟು ದಿನ ಚರ್ಚೆ ಮಾಡಿದ್ದೇವೆ, ಯಾರಿಗೂ ಹೊಳೆದಿರಲಿಲ್ಲ.

ರಾತ್ರಿ ಆರೂ ಜನ ಕೂತೆವು. ಎಕ್ಸ್‌ರೇ, ಪ್ಲಾಸ್ಟರ್, ಆಟೋದ ಖರ್ಚು ಒಂದು ಮಗುವಿಗೆ 5,000ದವರೆಗೆ ಕ್ಯಾಂಪಿನದು, ತಪ್ಪು ಯಾರದ್ದೇ ಇರಲಿ. ಅದಕ್ಕೆ 25,000 ಬದಿಗೆ ಇಟ್ಟಿದ್ದೇವೆ. ದೊಡ್ಡ ಪೆಟ್ಟಾದರೆ ಮೊದಲು ಪಿಂಪ್ರಿಯ ಪಾಲಿಕೆ ಆಸ್ಪತ್ರೆ. 5,000ಕ್ಕಿಂತ ಮೇಲಿನ ಖರ್ಚಿಗೆ ಹತ್ತು ದಿನದ ಗುಂಪು ಅಪಘಾತ ವಿಮೆ ಸಿಗುತ್ತದಾ ಅಂತ ಏಜೆಂಟರೊಬ್ಬರನ್ನು ಕೇಳಿದ್ದೇವೆ. ಮೈಗೆ ಮೈ ತಾಗುವ ಆಟ ಅಂದ ಕೂಡಲೇ ಅವರ ದನಿ ಸಣ್ಣದಾಯಿತು. ಪಾಲಿಸಿಯಲ್ಲಿ ಕಬಡ್ಡಿಯನ್ನು ಹೊರಗೆ ಇಟ್ಟಿಲ್ಲ ಅಂತ ಬರಹದಲ್ಲಿ ಕೊಡಿ ಅಂದಿದ್ದೇನೆ, ಇನ್ನೂ ಬಂದಿಲ್ಲ.

ಸೊಸೈಟಿ ಸೆಕ್ರೆಟರಿ (ಚಿಂಚವಾಡ)

5,000 ಬರೆದುಕೊಟ್ಟರೆ ಉಳುಕಿದವರೆಲ್ಲ ಬಿಲ್ ಹಿಡಿದುಕೊಂಡು ಬರುತ್ತಾರೆ, ನೋಡುತ್ತಿರಿ. ಅದಿರಲಿ, ನನ್ನ ಕಡೆಯಿಂದ 2,000 ಹಾಕಿಕೊಳ್ಳಿ.

ವಾಕಡ್ ಅಕ್ಕ

ಆ ತಾಯಿ ಸಹಿ ಹಾಕಿದರಾ?

ರೈಡರ್ 7 (ನಿಗಡಿ)

ನಿನ್ನೆ ಹಾಕಲಿಲ್ಲ. ರೊಕ್ಕದ ಸಾಲು ಬರಕೊಂಡು ಬಾ ಅಂದಳು. ಇವತ್ತು ಬರೆದು ಒಯ್ದೆ. ಇನ್ನೊಮ್ಮೆ ಓದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು. ಮಗ 31 ಕೆಜಿ ಇದ್ದಾನೆ, ಅವನ ತೂಕದ ಜೋಡಿ ಇನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ 30-33 ಕೆಜಿಯ ಹುಡುಗ ಇದ್ದರೆ ಹೇಳಿ.